ತಾನವರ್ಣವೂ ಅಭ್ಯಾಸಕ್ರಮವೂ: ‘ವಿರಿಬೋಣಿ’ ವರ್ಣದ ನಿದರ್ಶನ

೧

ಕರ್ಣಾಟಕ ಸಂಗೀತದ ಅಭ್ಯಾಸಕ್ರಮದಲ್ಲಿ ಸರಳೆ, ಜಂಟಿವರಸೆ, ಅಲಂಕಾರ, ಗೀತೆ ಇವುಗಳ ತರುವಾಯ, ಕೃತಿಗಳ ಪಾಠಕ್ಕೆ ಮುಂಚಿತವಾಗಿ ವರ್ಣವು ಬರುತ್ತದೆ. ಹಾಡುವವನು ಸಾಹಿತ್ಯಕ್ಕಾಗಿ ವರ್ಣವನ್ನು ಕಲಿಯುವುದಿಲ್ಲ. ಅದರಲ್ಲಿ ಸಾಹಿತ್ಯವು ಅತ್ಯಲ್ಪ. ಭಕ್ತಿಭಾವಕ್ಕಾಗಿಯೂ ಅಲ್ಲ, ಬಹುತೇಕ ವರ್ಣಗಳ ವಸ್ತುವು ನಾಯಿಕೆಯ ವಿರಹನಿವೇದನೆಯೋ ಪ್ರಭುವಿನ ಸ್ತುತಿಯೋ ಆಗಿದ್ದು, ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಹೀಗಿದ್ದರೂ ಗುರುವಾದವನು ಶಿಷ್ಯನನ್ನು ವರ್ಷಗಟ್ಟಲೆ ವರ್ಣಗಳಲ್ಲಿಯೇ ನಿಲ್ಲಿಸಿಕೊಳ್ಳುವುದುಂಟು; ವೃದ್ಧ ವಿದ್ವಾಂಸರೂ ಪ್ರಾತಃಕಾಲದ ಸಾಧನೆಯಲ್ಲಿ ವರ್ಣವನ್ನು ಬಿಡದಿರುವುದುಂಟು. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ವಿಷಯ.

‘ವರ್ಣವನ್ನು ಹಾಡಿದರೆ ಕಂಠವು ಪಳಗುತ್ತದೆ’ ಎಂಬ ಉತ್ತರವು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸುಳ್ಳಲ್ಲ. ಆದರೆ ಸರಳೆ ಜಂಟಿಗಳಿಂದಲೂ ಕಂಠವು ಪಳಗುತ್ತದಾದ್ದರಿಂದ ಆ ಉತ್ತರವು ವರ್ಣದ ವಿಶೇಷವನ್ನು ಹೇಳಿದಂತಾಗಲಿಲ್ಲ. ವರ್ಣಕ್ಕೆ ಹಿಂದಿನ ಪಾಠಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಕೆಲವು ಸಂಗತಿಗಳನ್ನು ವರ್ಣವು ಬಿಡಿಸಿ ತೋರಿಸುತ್ತದೆ. ಹಾಗೆ ಬಿಡಿಸಿದಾಗಲೇ ರಾಗವೆಂದರೇನು ತಾಳವೆಂದರೇನು ಎಂಬುದು ಶಿಷ್ಯನಿಗೆ ಮೊದಲ ಬಾರಿ ಗೋಚರವಾಗುತ್ತದೆ. ಈ ಮಾತನ್ನು ಭೈರವಿ ರಾಗ ಅಟತಾಳದ ‘ವಿರಿಬೋಣಿ’ ಎಂಬ ಪ್ರಸಿದ್ಧ ತಾನವರ್ಣದ ಆಧಾರದಿಂದ ಪರೀಕ್ಷಿಸಬಹುದು.

೨

‘ವರ್ಣ’ ಎಂಬ ಹೆಸರು ಪ್ರಾಚೀನವಾದದ್ದು. ಲಕ್ಷಣಗ್ರಂಥಗಳಲ್ಲಿ ವರ್ಣವೆಂದರೆ ಗಾನಕ್ರಿಯೆ. ಅದು ಸ್ಥಾಯಿ, ಆರೋಹಿ, ಅವರೋಹಿ, ಸಂಚಾರಿ ಎಂದು ನಾಲ್ಕು ಬಗೆ. ಸ್ವರವು ನಿಂತಲ್ಲಿಯೇ ನಿಲ್ಲುವುದು, ಏರುವುದು, ಇಳಿಯುವುದು, ಏರಿಳಿತಗಳು ಬೆರೆಯುವುದು ಎಂದು ಇವುಗಳ ತಾತ್ಪರ್ಯ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ವರ್ಣವೆಂಬ ಪ್ರಬಂಧವೊಂದನ್ನೂ ಹೇಳಿ, ಅದು ಕರ್ಣಾಟಭಾಷೆಯ ಬಿರುದುಗಳಿಂದ ಕೂಡಿರುವುದೆಂದು ಲಕ್ಷಣವಿತ್ತಿದ್ದಾನೆ. ಕನ್ನಡಿಗರಿಗೆ ಇದು ಕುತೂಹಲಕರವಾದ ಸಂಗತಿಯೇ. ಆದರೆ ಹೆಸರಿನ ಸಾಮ್ಯವೊಂದರಿಂದಲೇ ಆ ಪ್ರಬಂಧವು ಇಂದಿನ ತಾನವರ್ಣದ ಮೂಲವೆಂದು ಹೇಳಲಾಗದು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿಯು ರಚಿಸಿದ ‘ಚತುರ್ದಂಡೀಪ್ರಕಾಶಿಕೆ’ಯು ಗೀತ, ಆಲಾಪ, ಠಾಯ, ಪ್ರಬಂಧ ಎಂಬ ನಾಲ್ಕು ದಂಡಿಗಳನ್ನು ವಿವರಿಸುತ್ತದೆ, ಇಂದಿನ ರೂಪದ ತಾನವರ್ಣಕ್ಕೆ ಆ ನಾಲ್ಕರಲ್ಲಿ ಪ್ರತ್ಯೇಕ ಸ್ಥಾನವಿಲ್ಲ.

ಈ ರೂಪವು ನೆಲೆಗೊಂಡದ್ದು ಹದಿನೆಂಟನೆಯ ಶತಮಾನದಲ್ಲಿ, ತಂಜಾವೂರಿನ ಮರಾಠ ಅರಸರ ಆಸ್ಥಾನದ ಪರಿಸರದಲ್ಲಿ. ಅದರಲ್ಲಿ ಅಗ್ರಗಣ್ಯರಾದವರು ಪಚ್ಚಿಮಿರಿಯಂ ಆದಿಯಪ್ಪಯ್ಯನವರು. ಅವರು ಕರ್ಣಾಟಕ ಬ್ರಾಹ್ಮಣರು. ಪ್ರತಾಪಸಿಂಹ (೧೭೩೯–೧೭೬೩) ಮತ್ತು ಎರಡನೆಯ ತುಳಜಾಜಿ (೧೭೬೩–೧೭೮೭) ಇವರ ಕಾಲದಲ್ಲಿದ್ದವರು. ‘ವಿರಿಬೋಣಿ’ಯು ಅವರ ರಚನೆ. ಅದರ ಸಾಹಿತ್ಯ ತೆಲುಗಿನಲ್ಲಿದೆ; ಅದರಲ್ಲಿ ಸ್ತುತನಾದವನು ದಕ್ಷಿಣದ್ವಾರಕೆಯೆನಿಸಿದ ಮನ್ನಾರುಗುಡಿಯ ರಾಜಗೋಪಾಲಸ್ವಾಮಿ. ಕನ್ನಡಿಗ ವಿದ್ವಾಂಸರೊಬ್ಬರು ತಮಿಳುನಾಡಿನಲ್ಲಿ, ಮರಾಠ ಪ್ರಭುವಿನ ಆಶ್ರಯದಲ್ಲಿ, ತೆಲುಗಿನಲ್ಲಿ ರಚಿಸಿದ ಈ ಕೃತಿಯ ನಿಮಿತ್ತ ಅವರಿಗೆ ‘ತಾನವರ್ಣ ಮಾರ್ಗದರ್ಶಿ’ ಎಂಬ ಹೆಸರು ಪರಂಪರೆಯಲ್ಲಿ ನಿಂತಿದೆ. ಶ್ಯಾಮಾಶಾಸ್ತ್ರಿಗಳು (೧೭೬೨–೧೮೨೭) ಅವರ ಶಿಷ್ಯರು. ಷಡ್ಜದಿಂದ ಮೊದಲ್ಗೊಂಡು ಕ್ರಮವಾಗಿ ಒಂದೊಂದು ಸ್ವರದಿಂದ ಒಂದೊಂದು ಚರಣವು ಏರುವ ಶಾಸ್ತ್ರಿಗಳ ಸ್ವರಜತಿಯೂ ಭೈರವಿ ರಾಗದಲ್ಲಿಯೇ ಇರುವುದನ್ನು ಇಲ್ಲಿ ನೆನೆಯಬಹುದು. ಗುರುಶಿಷ್ಯರಿಬ್ಬರ ಈ ಎರಡು ರಚನೆಗಳು ಸೇರಿ ಇಂದಿನವರೆಗೂ ಭೈರವಿಯ ಸ್ವರೂಪನಿರ್ಣಯಕ್ಕೆ ಪ್ರಮಾಣಗಳಾಗಿವೆ.

೩

ವರ್ಣಕ್ಕೆ ಹಿಂದಿನ ಪಾಠಗಳ ಸ್ವಭಾವವನ್ನು ಮೊದಲು ಗಮನಿಸಬೇಕು. ಸರಳೆವರಸೆಯಲ್ಲಿ ಸ್ವರವೂ ತಾಳದ ಎಣಿಕೆಯೂ ಒಂದಾಗಿ ನಡೆಯುತ್ತವೆ. ಒಂದನೆಯ ಕಾಲದಲ್ಲಿ ಬೆರಳೊಂದಕ್ಕೆ ಸ್ವರವೊಂದು, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಸ್ವರಗಳೆಲ್ಲ ಬಹುಮಟ್ಟಿಗೆ ಸಮಪ್ರಮಾಣವಾದುವು. ರಾಗವು ಮಾಯಾಮಾಳವಗೌಳವಾದ್ದರಿಂದ ಏರುವಾಗಲೂ ಇಳಿಯುವಾಗಲೂ ಸ್ವರಸ್ಥಾನಗಳು ಬದಲಾಗುವುದಿಲ್ಲ; ‘ದ’ ಎಂದು ಬಾಯಲ್ಲಿ ಬಂದರೆ ಅದು ಒಂದೇ ದೈವತ.

ಅಲಂಕಾರಗಳಲ್ಲಿ ತಾಳಗಳು ಏಳಾಗುತ್ತವೆ. ಆದರೆ ಅಲ್ಲಿ ಸ್ವರಪುಂಜವು ತಾಳದ ಅಂಗಕ್ಕೆ ಸರಿಯಾಗಿ ಕತ್ತರಿಸಿಟ್ಟಂತೆ ಇರುತ್ತದೆ. ಅಟತಾಳದ ಅಲಂಕಾರವನ್ನೇ ನೋಡಿದರೆ, ಐದೈದು ಅಕ್ಷರಕಾಲದ ಎರಡು ಲಘುಗಳಲ್ಲಿ ಷಡ್ಜ ಋಷಭ ಗಾಂಧಾರಗಳ ಎರಡು ವಿನ್ಯಾಸಗಳು ತುಂಬಿ, ಎರಡು ದ್ರುತಗಳಲ್ಲಿ ಎರಡು ಮಧ್ಯಮಗಳು ಕುಳಿತುಕೊಳ್ಳುತ್ತವೆ. ಕೈ ಎಲ್ಲಿದೆಯೆಂಬುದನ್ನು ಸ್ವರವೇ ಹೇಳುತ್ತದೆ. ತಾಳವನ್ನು ಮರೆತ ವಿದ್ಯಾರ್ಥಿಯೂ ಸ್ವರವನ್ನು ಅನುಸರಿಸಿ ತಾಳವನ್ನು ಹಾಕಬಲ್ಲನು. ಗೀತೆಗಳಲ್ಲಿ ಸಾಹಿತ್ಯವು ಸೇರುತ್ತದೆ, ಆದರೆ ಬಹುಶಃ ಸ್ವರಕ್ಕೊಂದು ಸಾಹಿತ್ಯಾಕ್ಷರ ಇರುವುದರಿಂದ ಸ್ವರವನ್ನು ಬಲ್ಲವನಿಗೆ ಸಾಹಿತ್ಯದ ಸ್ಥಾನವು ತಾನಾಗಿ ತಿಳಿಯುತ್ತದೆ, ಕಾಲಭೇದವೂ ಇಲ್ಲ.

ಹೀಗೆ ಆ ಪಾಠಗಳಲ್ಲಿ ಮೂರು ಜೋಡಿಗಳು ಅಂಟಿಕೊಂಡಿವೆ: ಸ್ವರದ ಹೆಸರಿಗೆ ಸ್ವರದ ಧ್ವನಿ, ಸ್ವರಕ್ಕೆ ಸಾಹಿತ್ಯಾಕ್ಷರ, ಸ್ವರಪುಂಜಕ್ಕೆ ತಾಳದ ಅಂಗ. ಹೊಸಬನಿಗೆ ಇದು ಅನುಕೂಲವೇ. ಆದರೆ ಇಷ್ಟರಲ್ಲಿಯೇ ನಿಂತವನಿಗೆ ಆ ಮೂರು ಜೋಡಿಗಳೂ ಸಹಜವೆಂಬ ಭ್ರಾಂತಿ ಉಳಿಯುತ್ತದೆ. ವರ್ಣವು ಅವನ್ನು ಒಂದೊಂದಾಗಿ ಬಿಡಿಸುತ್ತದೆ.

೪

ತಾನವರ್ಣಕ್ಕೆ ಪೂರ್ವಾಂಗ ಉತ್ತರಾಂಗಗಳೆಂದು ಎರಡು ಭಾಗ. ಪಲ್ಲವಿ, ಅನುಪಲ್ಲವಿ, ಮುಕ್ತಾಯಿಸ್ವರ ಇವು ಪೂರ್ವಾಂಗ. ಚರಣವೂ ಅದಕ್ಕೆ ಸೇರಿದ ಎತ್ತುಗಡೆ ಸ್ವರಗಳೂ ಉತ್ತರಾಂಗ. ಪಲ್ಲವಿ, ಅನುಪಲ್ಲವಿ, ಮುಕ್ತಾಯಿಗಳು ಎರಡೆರಡು ಆವರ್ತಗಳಷ್ಟಿರುವುದು ರೂಢಿ. ಚರಣದ ಸಾಹಿತ್ಯವು ಸಾಮಾನ್ಯವಾಗಿ ಒಂದಾವರ್ತ. ಎತ್ತುಗಡೆ ಸ್ವರಗಳಲ್ಲಿ ಮೊದಲನೆಯದು ದೀರ್ಘಸ್ವರಗಳಿಂದ ಕೂಡಿ ಒಂದಾವರ್ತದಲ್ಲಿ ಮುಗಿಯುತ್ತದೆ. ಮುಂದಿನವು ಕ್ರಮವಾಗಿ ಹ್ರಸ್ವಸ್ವರಗಳಿಂದ ನಿಬಿಡವಾಗುತ್ತ ಎರಡು, ನಾಲ್ಕು ಆವರ್ತಗಳಿಗೆ ಬೆಳೆಯುತ್ತವೆ. ಒಂದೊಂದು ಸ್ವರಖಂಡ ಮುಗಿದಾಗಲೂ ಚರಣದ ಸಾಹಿತ್ಯಕ್ಕೆ ಹಿಂದಿರುಗಬೇಕು.

ಪಲ್ಲವಿ ಅನುಪಲ್ಲವಿಗಳಲ್ಲಿ ಸಾಹಿತ್ಯಾಕ್ಷರಗಳು ಬಲು ವಿರಳ. ಒಂದು ಅಕ್ಷರವನ್ನು ಹಿಡಿದು ಅದರ ಸ್ವರಾಂಶವನ್ನು ಎಳೆಯುತ್ತ ಐದಾರು ಸಂಗೀತಸ್ವರಗಳನ್ನು ದಾಟಬೇಕಾಗುತ್ತದೆ. ಇದರಿಂದ ಗೀತೆಯಲ್ಲಿದ್ದ ಎರಡನೆಯ ಜೋಡಿಯು ಒಡನೆಯೇ ಕಳಚಿಹೋಗುತ್ತದೆ. ವಿದ್ಯಾರ್ಥಿಯು ಮೊದಲು ಸ್ವರವನ್ನು ಪಾಠಮಾಡಿ, ಬಳಿಕ ಅದೇ ಧಾತುವನ್ನು ಅಕಾರ ಇಕಾರಗಳಲ್ಲಿ ಹಾಡುವಾಗ, ಸ್ವರದ ಹೆಸರೆಂಬ ಆಸರೆಯಿಲ್ಲದೆ ಸ್ವರವನ್ನು ಮನಸ್ಸಿನಲ್ಲಿ ಮಾತ್ರ ಹಿಡಿದಿರಬೇಕು. ಹಿಡಿದಿರುವನೋ ಇಲ್ಲವೋ ಎಂಬುದನ್ನು ತಿಳಿಯಲು ಗುರುವಿಗೆ ಸುಲಭವಾದ ಉಪಾಯವುಂಟು: ಸಾಹಿತ್ಯವನ್ನು ಹಾಡುತ್ತಿರುವಾಗ ನಡುವೆ ತಡೆದು, ಆಗ ಬಾಯಲ್ಲಿದ್ದ ಸ್ವರ ಯಾವುದೆಂದು ಕೇಳುವುದು. ಸಾಹಿತ್ಯವನ್ನು ಕೇವಲ ಧಾಟಿಯಾಗಿ ಕಲಿತವನು ಇದಕ್ಕೆ ಉತ್ತರವನ್ನು ಹೇಳಲಾರನು. ಪಲ್ಲವಿಯ ಆರಂಭದಿಂದ ಮತ್ತೆ ಹಾಡಿಕೊಂಡು ಬಂದು ಆ ಸ್ಥಳವನ್ನು ಹುಡುಕುವನು.

೫

ಇನ್ನು ಮೊದಲನೆಯ ಜೋಡಿ, ಎಂದರೆ ಸ್ವರದ ಹೆಸರು ಮತ್ತು ಧ್ವನಿ. ಭೈರವಿಯನ್ನು ಇಪ್ಪತ್ತನೆಯ ಮೇಳಕ್ಕೆ ಸೇರಿಸುವುದು ರೂಢಿ. ಆ ಮೇಳದ ದೈವತವು ಶುದ್ಧದೈವತ. ಆದರೆ ಪ್ರಯೋಗದಲ್ಲಿ ಭೈರವಿಗೆ ಎರಡು ದೈವತಗಳುಂಟು. ‘ಪ ದ ನಿ ಸ’ ಎಂದು ತಾರಷಡ್ಜಕ್ಕೆ ಏರುವಾಗ ಬರುವುದು ಚತುಶ್ಶ್ರುತಿದೈವತ. ‘ಸ ನಿ ದ ಪ’ ಎಂದು ಇಳಿಯುವಾಗ ಬರುವುದು ಶುದ್ಧದೈವತ. ವೀಣೆಯಲ್ಲಿ ಇವು ಅಕ್ಕಪಕ್ಕದ ಎರಡು ಮೆಟ್ಟುಗಳು. ಸ್ವರಲಿಪಿಯಲ್ಲಿ ಎರಡಕ್ಕೂ ‘ದ’ ಎಂಬ ಅಕ್ಷರ ಒಂದೇ. ಹಾಡುವವನ ಬಾಯಲ್ಲಿ ಬರುವ ಹೆಸರೂ ಒಂದೇ.

‘ಆರೋಹಣದಲ್ಲಿ ಚತುಶ್ಶ್ರುತಿ, ಅವರೋಹಣದಲ್ಲಿ ಶುದ್ಧ’ ಎಂಬ ನಿಯಮವನ್ನು ಬಾಯಿಪಾಠ ಮಾಡಿಸುವುದರಿಂದ ವಿಷಯವು ಮುಗಿಯುವುದಾದರೆ ವರ್ಣದ ಅವಶ್ಯಕತೆ ಇರುತ್ತಿರಲಿಲ್ಲ. ‘ಪ ದ ನಿ ದ ಪ’ ಎಂಬ ಸಂಚಾರವನ್ನು ಪರೀಕ್ಷಿಸಬೇಕು. ಇದರಲ್ಲಿ ಮೊದಲನೆಯ ದೈವತವು ಪಂಚಮದಿಂದ ಮೇಲೇರುವಾಗಲೇ ಬರುತ್ತದೆ. ನಿಯಮವನ್ನು ಅಕ್ಷರಶಃ ಹಿಡಿದರೆ ಅದು ಚತುಶ್ಶ್ರುತಿಯಾಗಬೇಕು. ಆದರೆ ಸಂಪ್ರದಾಯದಲ್ಲಿ ಅದು ಶುದ್ಧದೈವತವೇ. ಏಕೆಂದರೆ ಆ ಸಂಚಾರವು ಷಡ್ಜವನ್ನು ಮುಟ್ಟದೆ ನಿಷಾದದಿಂದಲೇ ಹಿಂದಿರುಗುತ್ತದೆ. ಆದುದರಿಂದ ದೈವತವನ್ನು ನಿರ್ಣಯಿಸುವುದು ಅದರ ಹಿಂದಿನ ಸ್ವರವಲ್ಲ, ಒಡನೆ ಮುಂದಿರುವ ಸ್ವರವೂ ಅಲ್ಲ; ಆ ಸಂಚಾರವು ಎಲ್ಲಿಗೆ ಹೋಗುತ್ತದೆಂಬುದು. ಹಾಡುವವನಿಗೆ ದೈವತವನ್ನು ನುಡಿಯುವ ಕ್ಷಣದಲ್ಲಿಯೇ ಎರಡು ಸ್ವರಗಳಾಚೆಯ ಗತಿಯು ಮನಸ್ಸಿನಲ್ಲಿರಬೇಕು.

ಇದು ಸರಳೆವರಸೆಯಿಂದ ಕಲಿಯಲಾಗದ ವಿಷಯ. ಸರಳೆಯಲ್ಲಿ ಏರುವುದು ಪೂರ್ತಿಯಾಗಿ ಏರುವುದು, ಇಳಿಯುವುದು ಪೂರ್ತಿಯಾಗಿ ಇಳಿಯುವುದು ಎಂಬ ಅಭ್ಯಾಸವೇ ಪ್ರಧಾನ. ವರ್ಣದಲ್ಲಾದರೋ ಸಂಚಾರಗಳು ನಿಷಾದದವರೆಗೆ ಹೋಗಿ ಹಿಂದಿರುಗುವುವು, ಷಡ್ಜವನ್ನು ದಾಟುವುವು, ದೈವತದಲ್ಲಿಯೇ ನಿಲ್ಲುವುವು. ಇವೆಲ್ಲ ಬೇರೆಬೇರೆ ಸನ್ನಿವೇಶಗಳಲ್ಲಿ ಬಂದು, ನಿಯಮವು ವಾಕ್ಯರೂಪದಲ್ಲಿರದೆ ಕಿವಿಯಲ್ಲಿ ನೆಲೆಸುತ್ತದೆ. ತಪ್ಪನ್ನು ಗುರುತಿಸುವ ಬಗೆಯೂ ಸ್ಪಷ್ಟವಾಗಿದೆ. ವಿದ್ಯಾರ್ಥಿಯು ಎಲ್ಲೆಡೆಯಲ್ಲಿಯೂ ಚತುಶ್ಶ್ರುತಿದೈವತವನ್ನೇ ಹಿಡಿದರೆ ಹಾಡು ಖರಹರಪ್ರಿಯದ ಕಡೆಗೆ ವಾಲುತ್ತದೆ; ಎಲ್ಲೆಡೆಯಲ್ಲಿಯೂ ಶುದ್ಧದೈವತವನ್ನೇ ಹಿಡಿದರೆ ನಠಭೈರವಿಯ ಮೇಳವಾಗಿ ಉಳಿಯುತ್ತದೆ. ಎರಡೂ ಶ್ರುತಿಬದ್ಧವಾಗಿರಬಹುದು, ಎರಡರಲ್ಲಿಯೂ ಸ್ವರದ ಹೆಸರುಗಳು ಸರಿಯಾಗಿರಬಹುದು. ಆದರೂ ಭೈರವಿಯು ಅಲ್ಲಿರುವುದಿಲ್ಲ. ರಾಗವೆಂಬುದು ಸ್ವರಗಳ ಪಟ್ಟಿಯಲ್ಲವೆಂಬ ಮಾತು ವಿದ್ಯಾರ್ಥಿಗೆ ಉಪದೇಶವಾಗಿ ಅಲ್ಲ, ತನ್ನ ಕಂಠದ ತಪ್ಪಾಗಿಯೇ ಗೊತ್ತಾಗುತ್ತದೆ.

ಇಲ್ಲಿ ಇತಿಹಾಸದ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬಹುದು. ಲಕ್ಷಣಗ್ರಂಥವು ರಾಗವನ್ನು ಮೇಳಕ್ಕೆ ಸೇರಿಸಿ, ಗ್ರಹ ಅಂಶ ನ್ಯಾಸಗಳನ್ನು ಹೇಳಿ ಮುಗಿಸಬಲ್ಲದು. ಯಾವ ಸಂಚಾರದಲ್ಲಿ ಯಾವ ದೈವತ ಎಂಬುದನ್ನು ಹೇಳಬೇಕಾದರೆ ಸಂಚಾರಗಳನ್ನೇ ಕೊಡಬೇಕಾಗುತ್ತದೆ. ತಾನವರ್ಣವು ಮಾಡುವುದು ಅದನ್ನೇ. ವರ್ಣವು ರಾಗದ ಲಕ್ಷಣವನ್ನು ಲಕ್ಷ್ಯದ ರೂಪದಲ್ಲಿಯೇ ಕಟ್ಟಿಟ್ಟ ಗ್ರಂಥವಾದ್ದರಿಂದ, ಭೈರವಿಯ ವಿಷಯದಲ್ಲಿ ಸಂದೇಹ ಬಂದಾಗ ವಿದ್ವಾಂಸರು ಶ್ಲೋಕವನ್ನು ಹುಡುಕುವುದಕ್ಕಿಂತ ಮೊದಲು ‘ವಿರಿಬೋಣಿ’ಯ ಸ್ವರವನ್ನು ಹಾಡಿನೋಡುತ್ತಾರೆ.

೬

ರಾಗದ ವಿಷಯವು ಸ್ವರಸ್ಥಾನದಲ್ಲಿಯೇ ಮುಗಿಯುವುದಿಲ್ಲ. ಗಮಕವೂ ಅದರ ಅಂಗ. ಭೈರವಿಯ ಗಾಂಧಾರ ನಿಷಾದಗಳು ಕಂಪಿತವಿಲ್ಲದೆ ನಿಂತರೆ ರಾಗವು ಪ್ರಕಾಶಿಸುವುದಿಲ್ಲ. ಒಂದನೆಯ ಕಾಲದಲ್ಲಿ ದೀರ್ಘವಾದ ನಿಷಾದಕ್ಕೆ ಮೂರು ನಾಲ್ಕು ಸಾರಿ ತೂಗಲು ಅವಕಾಶವುಂಟು. ಅದೇ ಸ್ವರವು ಎರಡನೆಯ ಕಾಲದಲ್ಲಿ ಅರ್ಧಕಾಲದಲ್ಲಿ ಮುಗಿಯಬೇಕು. ಆಗ ಏನು ಮಾಡಬೇಕೆಂಬುದು ವಿದ್ಯಾರ್ಥಿಗೆ ಎದುರಾಗುವ ಮೊದಲ ನಿಜವಾದ ಪ್ರಶ್ನೆ.

ಇಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಮೊದಲನೆಯದು, ತೂಗುಗಳೆಲ್ಲವನ್ನೂ ಅರ್ಧಕಾಲದಲ್ಲಿ ಇಡುಕಿರಿಸಲು ಯತ್ನಿಸುವುದು. ಇದರಿಂದ ಕಂಪಿತವು ನಡುಕವಾಗುತ್ತದೆ, ಸ್ವರವು ತನ್ನ ಸ್ಥಾನವನ್ನು ಮುಟ್ಟುವುದಿಲ್ಲ. ಎರಡನೆಯದು, ತೂಗನ್ನು ಪೂರ್ತಿಯಾಗಿ ಬಿಟ್ಟು ಸ್ವರವನ್ನು ಬೋಳಾಗಿ ನುಡಿಯುವುದು. ಇದರಿಂದ ವೇಗವು ಬರುತ್ತದೆ, ರಾಗವು ಹೋಗುತ್ತದೆ. ಬಲ್ಲವರು ಮಾಡುವುದೇನೆಂದರೆ, ತೂಗುಗಳ ಸಂಖ್ಯೆಯನ್ನು ಒಂದಕ್ಕೋ ಎರಡಕ್ಕೋ ಇಳಿಸಿ, ಒಂದೊಂದು ತೂಗಿನ ಆಕಾರವನ್ನೂ ಅದು ಮುಟ್ಟುವ ಮೇಲಣ ಕೆಳಗಣ ಎಲ್ಲೆಗಳನ್ನೂ ಹಾಗೆಯೇ ಉಳಿಸಿಕೊಳ್ಳುವುದು. ಗಮಕದಲ್ಲಿ ಅಲಂಕಾರವಾದ ಅಂಶವೆಷ್ಟು, ಬಿಡಲಾಗದ ಅಂಶವೆಷ್ಟು ಎಂಬ ವಿವೇಕವು ಎರಡು ಕಾಲಗಳನ್ನು ಹಾಡಿದವನಿಗೆ ಮಾತ್ರ ಬರುತ್ತದೆ. ಒಂದನೆಯ ಕಾಲವನ್ನು ಮಾತ್ರ ಬಲ್ಲವನಿಗೆ ಎಲ್ಲವೂ ಅವಶ್ಯಕವೆಂದು ತೋರುತ್ತದೆ. ಎರಡನೆಯದನ್ನು ಮಾತ್ರ ಬಲ್ಲವನಿಗೆ ಎಲ್ಲವೂ ಅನಾವಶ್ಯಕವೆಂದು ತೋರುತ್ತದೆ.

ಸುಬ್ಬರಾಮ ದೀಕ್ಷಿತರು (೧೮೩೯–೧೯೦೬) ಎಟ್ಟಯಾಪುರದಲ್ಲಿ ೧೯೦೪ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಕಲ್ಪಿಸಿ, ಕಂಪಿತ, ಸ್ಫುರಿತ, ಜಾರು, ನೊಕ್ಕು ಮೊದಲಾದುವನ್ನು ಸ್ವರದ ಮೇಲೆಯೇ ಗುರುತಿಸಿದ್ದಾರೆ. ತರುವಾಯ ವಿದ್ಯಾರ್ಥಿಗಳಿಗಾಗಿ ಹೊರಟ ಅನೇಕ ಪುಸ್ತಕಗಳಲ್ಲಿ ಆ ಚಿಹ್ನೆಗಳು ಬಿಟ್ಟುಹೋಗಿ ಸ್ವರಾಕ್ಷರಗಳು ಮಾತ್ರ ಉಳಿದುವು. ಅಂತಹ ಪುಸ್ತಕವನ್ನು ನೋಡಿ ವರ್ಣವನ್ನು ಕಲಿತವನ ಬಾಯಲ್ಲಿ ಭೈರವಿಯ ಎರಡು ದೈವತಗಳೂ ಒಂದಾಗುವುದು ಆಶ್ಚರ್ಯವಲ್ಲ. ರಾಗವನ್ನು ಕಾಯುವುದಕ್ಕಾಗಿ ಹುಟ್ಟಿದ ರಚನೆಯೇ ರಾಗವನ್ನು ಕೆಡಿಸುವ ಸಾಧನವಾಗುವುದು ಹೀಗೆ. ಗುರುಮುಖವಿಲ್ಲದೆ ಕಲಿತ ಕೃತಿಯೊಂದು ಕೆಟ್ಟರೆ ಆ ಕೃತಿಯು ಮಾತ್ರ ಕೆಡುತ್ತದೆ. ವರ್ಣವು ಕೆಟ್ಟರೆ ಆ ರಾಗದಲ್ಲಿ ಅವನು ಮುಂದೆ ಕಲಿಯುವುದೆಲ್ಲವೂ, ತಾನೇ ಆಲಾಪಿಸುವುದೂ ಕೆಡುತ್ತದೆ.

೭

ಉಳಿದದ್ದು ಮೂರನೆಯ ಜೋಡಿ, ಸ್ವರಪುಂಜ ಮತ್ತು ತಾಳದ ಅಂಗ. ಇದನ್ನು ಲೆಕ್ಕದಿಂದಲೇ ತೋರಿಸಬಹುದು.

ವರ್ಣಗಳಲ್ಲಿ ರೂಢವಾದ ಅಟತಾಳವು ಖಂಡಜಾತಿಯದು. ಐದು ಅಕ್ಷರಕಾಲದ ಲಘು ಎರಡು, ಎರಡು ಅಕ್ಷರಕಾಲದ ದ್ರುತ ಎರಡು, ಒಟ್ಟು ಹದಿನಾಲ್ಕು. ಕೈಯಲ್ಲಿ ಲಘುವೆಂದರೆ ಪೆಟ್ಟು, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳು, ತೋರುಬೆರಳು ಹೀಗೆ ಐದು ಎಣಿಕೆ. ದ್ರುತವೆಂದರೆ ಪೆಟ್ಟು ಮತ್ತು ಹುಸಿ. ಆದುದರಿಂದ ಒಂದನೆಯ, ಆರನೆಯ, ಹನ್ನೊಂದನೆಯ, ಹದಿಮೂರನೆಯ ಎಣಿಕೆಗಳಲ್ಲಿ ಪೆಟ್ಟು ಬೀಳುತ್ತದೆ. ಒಂದನೆಯ ಕಾಲದಲ್ಲಿ ಅಕ್ಷರಕಾಲಕ್ಕೆ ನಾಲ್ಕು ಹ್ರಸ್ವಸ್ವರಗಳಂತೆ ಒಂದಾವರ್ತಕ್ಕೆ ೫೬ ಸ್ವರಗಳ ಅವಕಾಶ. ಎರಡನೆಯ ಕಾಲದಲ್ಲಿ ತಾಳವು ಬದಲಾಗದೆ ಅಕ್ಷರಕಾಲಕ್ಕೆ ಎಂಟು ಸ್ವರಗಳಾಗುತ್ತವೆ. ಎಂದರೆ ಒಂದಾವರ್ತದ ಹಾಡು ಏಳು ಅಕ್ಷರಕಾಲಗಳಲ್ಲಿ ಮುಗಿಯುತ್ತದೆ.

ಈಗ ಎರಡಾವರ್ತದ ಪಲ್ಲವಿಯನ್ನು ಎರಡನೆಯ ಕಾಲದಲ್ಲಿ ಹಾಡುವಾಗ ಕೈ ಎಲ್ಲಿರುತ್ತದೆಂದು ನೋಡಬೇಕು. ಮೊದಲನೆಯ ಆವರ್ತದಲ್ಲಿ ಎರಡನೆಯ ಲಘುವಿನ ಪೆಟ್ಟಿನ ಮೇಲೆ ಬರುತ್ತಿದ್ದ ಸ್ವರವು ಈಗ ಎರಡೂವರೆ ಅಕ್ಷರಕಾಲ ಕಳೆದ ಮೇಲೆ, ಎಂದರೆ ಮೊದಲ ಲಘುವಿನ ಉಂಗುರಬೆರಳಿನ ಎಣಿಕೆಯ ನಡುವೆ ಬರುತ್ತದೆ. ಮೊದಲ ದ್ರುತದ ಪೆಟ್ಟಿನ ಸ್ವರವು ಐದು ಅಕ್ಷರಕಾಲ ಕಳೆದು ಎರಡನೆಯ ಲಘುವಿನ ಪೆಟ್ಟಿನ ಮೇಲೆ ಬೀಳುತ್ತದೆ. ಎರಡನೆಯ ದ್ರುತದ ಸ್ವರವು ಆ ಲಘುವಿನ ಕಿರುಬೆರಳಿನ ಮೇಲೆ. ಪಲ್ಲವಿಯ ಎರಡನೆಯ ಆವರ್ತವು ಆರಂಭವಾಗುವುದು ಎಂಟನೆಯ ಎಣಿಕೆಯಲ್ಲಿ. ಅದು ಎರಡನೆಯ ಲಘುವಿನ ಉಂಗುರಬೆರಳು. ಒಂದನೆಯ ಕಾಲದಲ್ಲಿ ಸಮದ ಪೆಟ್ಟಿನೊಡನೆ ಎದ್ದ ಆವರ್ತವು ಈಗ ಪೆಟ್ಟೂ ಇಲ್ಲದ, ಅಂಗದ ಆದಿಯೂ ಅಲ್ಲದ, ಬೆರಳೆಣಿಕೆಯ ನಡುವಿನ ಒಂದು ಸ್ಥಳದಲ್ಲಿ ಏಳಬೇಕು.

ಆದಿತಾಳದ ವರ್ಣಗಳೊಡನೆ ಹೋಲಿಸಿದರೆ ಇದರ ವಿಶೇಷವು ತಿಳಿಯುತ್ತದೆ. ರಾಮನಾಡು ಶ್ರೀನಿವಾಸ ಅಯ್ಯಂಗಾರ್ಯರ (೧೮೬೦–೧೯೧೯) ಮೋಹನರಾಗದ ‘ನಿನ್ನುಕೋರಿ’ಯು ಆರಂಭದಲ್ಲಿ ಕಲಿಸುವ ಆದಿತಾಳದ ವರ್ಣಗಳಲ್ಲಿ ಸುಪ್ರಸಿದ್ಧವಾದದ್ದು. ಆದಿತಾಳದ ಎಂಟು ಅಕ್ಷರಕಾಲಗಳಲ್ಲಿ ಅರ್ಧವೆಂದರೆ ನಾಲ್ಕು; ಅದು ಲಘುವು ಮುಗಿದು ಮೊದಲ ದ್ರುತದ ಪೆಟ್ಟು ಬೀಳುವ ಸ್ಥಳ. ಎರಡನೆಯ ಕಾಲದಲ್ಲಿಯೂ ಎರಡನೆಯ ಆವರ್ತವು ಪೆಟ್ಟಿನ ಮೇಲೆಯೇ ಏಳುವುದರಿಂದ ವಿದ್ಯಾರ್ಥಿಗೆ ಕೈಯ ಆಸರೆ ಇದ್ದೇ ಇದೆ. ಅಟತಾಳವು ಆ ಆಸರೆಯನ್ನು ತೆಗೆದುಬಿಡುತ್ತದೆ. ಆದಿತಾಳದ ವರ್ಣಗಳು ಮೊದಲು, ಅಟತಾಳದ ವರ್ಣಗಳು ಬಳಿಕ ಎಂಬ ಕ್ರಮಕ್ಕೆ ಇದೇ ಯುಕ್ತಿ; ಅಟತಾಳದ ವರ್ಣಗಳು ಉದ್ದವಾಗಿರುವುದೊಂದೇ ಕಾರಣವಲ್ಲ.

ಚರಣದಲ್ಲಿ ಈ ಲೆಕ್ಕವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದಾವರ್ತದ ಎತ್ತುಗಡೆ ಸ್ವರವು ಎರಡನೆಯ ಕಾಲದಲ್ಲಿ ಅರ್ಧಾವರ್ತವಾಗುತ್ತದೆ. ಚರಣದ ಸಾಹಿತ್ಯವು ಉಳಿದರ್ಧವನ್ನು ತುಂಬಿದರೆ ಆವರ್ತವು ಪೂರ್ಣವಾಗುತ್ತದೆ. ಆದರೆ ಎರಡಾವರ್ತದ ಸ್ವರವು ಎರಡನೆಯ ಕಾಲದಲ್ಲಿ ಒಂದಾವರ್ತವನ್ನು ತಾನೇ ತುಂಬುವುದರಿಂದ, ಅದರ ಮೇಲೆ ಚರಣವನ್ನು ಒಂದೇ ಸಾರಿ ಹಾಡಿದರೆ ಅರ್ಧಾವರ್ತವು ಮಿಕ್ಕಿ, ಮುಂದಿನ ಸ್ವರವು ಅಸ್ಥಾನದಲ್ಲಿ ಏಳಬೇಕಾಗುತ್ತದೆ. ಆದುದರಿಂದ ಅಲ್ಲಿ ಚರಣವನ್ನು ಎರಡು ಸಾರಿ ಹಾಡಬೇಕು. ಇದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡ ವಿದ್ಯಾರ್ಥಿಗೆ ತಾಳವು ಕೈಯ ಅಭ್ಯಾಸವಾಗಿರದೆ ಬುದ್ಧಿಗೆ ವಿಷಯವಾಗಿದೆಯೆಂದು ತಿಳಿಯಬಹುದು.

ಇಲ್ಲಿ ಆಗುವ ತಪ್ಪುಗಳೂ ಕಣ್ಣಿಗೆ ಕಾಣುವಂತಹವು. ಎಂಟನೆಯ ಎಣಿಕೆಯಲ್ಲಿ ಸಾಹಿತ್ಯವನ್ನು ಎತ್ತಬೇಕಾದವನು ಬೆರಳನ್ನು ಎಣಿಸುವುದಕ್ಕೆ ಬದಲಾಗಿ ತನಗರಿವಿಲ್ಲದೆ ಪೆಟ್ಟನ್ನು ಹಾಕಿಬಿಡುತ್ತಾನೆ. ಹಾಡಿನ ಆರಂಭವೇ ತಾಳದ ಆರಂಭವೆಂಬ ಹಳೆಯ ಅಭ್ಯಾಸವು ಕೈಯನ್ನು ಎಳೆದುಕೊಳ್ಳುತ್ತದೆ. ಮತ್ತೊಬ್ಬನು ಹಿಂದಿನ ದೀರ್ಘಸ್ವರವನ್ನು ಎಳೆಯುತ್ತ ಹನ್ನೊಂದನೆಯ ಎಣಿಕೆಯ ಪೆಟ್ಟಿಗಾಗಿ ಕಾಯುತ್ತಾನೆ. ಮೂರನೆಯವನ ತಪ್ಪು ಒಡನೆ ತಿಳಿಯುವುದಿಲ್ಲ: ಅವನ ಕೈಯೂ ಕಂಠವೂ ಜೊತೆಯಾಗಿಯೇ ನಡೆಯುತ್ತವೆ, ಆದರೆ ಎರಡೂ ಸೇರಿ ಓಡುತ್ತಿರುತ್ತವೆ. ಇದನ್ನು ಪತ್ತೆಮಾಡಬೇಕಾದರೆ ಎರಡನೆಯ ಕಾಲವು ಮುಗಿದೊಡನೆ ಕೈಯನ್ನು ನಿಲ್ಲಿಸದೆ ಒಂದನೆಯ ಕಾಲದ ಪಲ್ಲವಿಗೆ ಇಳಿಯುವಂತೆ ಹೇಳಬೇಕು. ಆರಂಭದಲ್ಲಿ ಗಂಭೀರವಾಗಿ ಸಾಗಿದ್ದ ಪಲ್ಲವಿಯು ಈಗ ಆತುರದಿಂದ ಬಂದರೆ, ಎರಡನೆಯ ಕಾಲದ ಉದ್ದಕ್ಕೂ ತಾಳವು ಜಾರಿದೆಯೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಡ.

೮

ವರ್ಣದ ಎಲ್ಲೆಯನ್ನೂ ಗುರುತಿಸಬೇಕು. ವರ್ಣವು ರಾಗದ ಸಂಚಾರಗಳನ್ನು ಕೊಡುತ್ತದೆ. ಅವುಗಳಿಂದ ಹೊಸ ಸಂಚಾರಗಳನ್ನು ಕಟ್ಟುವ ಕ್ರಮವನ್ನು ಕೊಡುವುದಿಲ್ಲ. ಅದರಲ್ಲಿ ಎಲ್ಲವೂ ಕಟ್ಟುನಿಟ್ಟಾದದ್ದು. ಸಂಗತಿಗಳಿಗೆ ಎಡೆಯಿಲ್ಲ, ಭಾವಕ್ಕೆ ತಕ್ಕಂತೆ ಸಾಹಿತ್ಯವನ್ನು ಹಿಗ್ಗಿಸುವ ಸ್ವಾತಂತ್ರ್ಯವಿಲ್ಲ. ಅವು ಕೃತಿಗೂ ಮನೋಧರ್ಮಕ್ಕೂ ಸೇರಿದುವು. ಹತ್ತಾರು ವರ್ಣಗಳನ್ನು ಎರಡು ಕಾಲಗಳಲ್ಲಿ ನಿರ್ದುಷ್ಟವಾಗಿ ಹಾಡಿಯೂ ನಾಲ್ಕು ನಿಮಿಷ ರಾಗಾಲಾಪನೆಯನ್ನು ಮಾಡಲಾರದವರು ಇರುವುದುಂಟು. ಅದು ವರ್ಣದ ದೋಷವಲ್ಲ.

ರೂಪದಲ್ಲಿಯೂ ಕೆಲವು ನಷ್ಟಗಳಾಗಿವೆ. ಹಳೆಯ ವರ್ಣಗಳಲ್ಲಿ ಎತ್ತುಗಡೆ ಸ್ವರಗಳು ಮುಗಿದ ಮೇಲೆ ಅನುಬಂಧವೆಂಬ ಸಾಹಿತ್ಯಭಾಗವಿದ್ದು, ಅದರ ಮೂಲಕ ಹಾಡು ಪೂರ್ವಾಂಗಕ್ಕೆ ಹಿಂದಿರುಗಿ ಮುಗಿಯುತ್ತಿದ್ದಿತು. ‘ವಿರಿಬೋಣಿ’ಗೂ ಅನುಬಂಧವುಂಟು. ಇಂದಿನ ಬಳಕೆಯಲ್ಲಿ ಅದು ಬಿಟ್ಟುಹೋಗಿ, ವರ್ಣವು ಚರಣದಲ್ಲಿಯೇ ನಿಲ್ಲುತ್ತದೆ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (೧೮೯೦–೧೯೬೭) ರೂಢಿಗೆ ತಂದ ಕಚೇರಿಯ ಕ್ರಮದಲ್ಲಿ ವರ್ಣವು ಮೊದಲನೆಯ ಸ್ಥಾನವನ್ನು ಪಡೆಯಿತು. ಅವರು ‘ನಿನ್ನುಕೋರಿ’ಯ ಕರ್ತೃವಿನ ಶಿಷ್ಯರೆಂಬುದು ಗಮನಾರ್ಹ. ಕಚೇರಿಯಲ್ಲಿ ಕಾಲವು ಮಿತವಾದ್ದರಿಂದ ಅಲ್ಲಿ ವರ್ಣವು ಸಂಕ್ಷೇಪವಾಗುವುದು ಸಹಜ. ಆದರೆ ಆ ಸಂಕ್ಷೇಪವೇ ಪಾಠಕ್ಕೂ ಮಾದರಿಯಾದರೆ, ಎರಡನೆಯ ಕಾಲವು ಪಲ್ಲವಿ ಮುಕ್ತಾಯಿಗಳಿಗಷ್ಟೇ ಸೀಮಿತವಾಗಿ, ಚರಣದ ಲೆಕ್ಕವೇ ವಿದ್ಯಾರ್ಥಿಗೆ ಎದುರಾಗದೆ ಹೋಗುತ್ತದೆ.

ಮೇಲ್ಕಂಡ ವಿಚಾರಗಳಿಂ‍ದ ತಿಳಿದುಬರುವುದೇನೆಂದರೆ: ಆರಂಭದ ಪಾಠಗಳಲ್ಲಿ ಸ್ವರದ ಹೆಸರು, ಸಾಹಿತ್ಯದ ಅಕ್ಷರ, ತಾಳದ ಅಂಗ ಇವು ಒಂದನ್ನೊಂದು ಆತುಕೊಂಡು ವಿದ್ಯಾರ್ಥಿಯನ್ನು ನಡೆಸುತ್ತವೆ. ತಾನವರ್ಣದಲ್ಲಿ ಒಂದೇ ಹೆಸರಿನ ದೈವತವು ಸಂಚಾರದ ಗತಿಯನ್ನನುಸರಿಸಿ ಎರಡಾಗುತ್ತದೆ. ಒಂದೇ ಅಕ್ಷರವು ಹಲವು ಸ್ವರಗಳನ್ನು ಹೊರುತ್ತದೆ. ಒಂದೇ ಪಲ್ಲವಿಯು ಕಾಲವು ಬದಲಾದೊಡನೆ ತಾಳದ ಬೇರೆ ಬೆರಳುಗಳ ಮೇಲೆ ಬೀಳುತ್ತದೆ. ಆಗ ಉಳಿಯುವ ರಾಗವು ಸಂಚಾರದಲ್ಲಿರುವ ರಾಗ. ಉಳಿಯುವ ತಾಳವು ಹಾಡಿನ ಸಹಾಯವಿಲ್ಲದೆ ನಿಲ್ಲಬಲ್ಲ ತಾಳ. ಇನ್ನೂರು ವರ್ಷಗಳಿಗೂ ಹಿಂದೆ ತಂಜಾವೂರಿನಲ್ಲಿ ಆದಿಯಪ್ಪಯ್ಯನವರು ಭೈರವಿಯಲ್ಲಿ ಕಟ್ಟಿದ ಹದಿನಾಲ್ಕು ಅಕ್ಷರಕಾಲದ ಆವರ್ತಗಳಲ್ಲಿ ಎಂಟನೆಯ ಎಣಿಕೆಗೆ ಉಂಗುರಬೆರಳನ್ನು ಮಡಿಸಿ, ಪೆಟ್ಟನ್ನು ಹಾಕದೆ, ಸಾಹಿತ್ಯವನ್ನು ಎತ್ತಬಲ್ಲ ವಿದ್ಯಾರ್ಥಿಯನ್ನು ಗುರುವು ಕೃತಿಗಳ ಪಾಠಕ್ಕೆ ಕಳುಹಬಹುದು.